ಎರಡು ಕೈ, ಒಂದು ಹದ

ಓಣಿಯ ತುದಿಯ ಅಡುಗೆಮನೆಯಲ್ಲಿ ಊಟದ ಆರ್ಡರ್ ಹಿಡಿಯುತ್ತಿದ್ದ ಆಕೆಯ ನಿಜವಾದ ಹೆಸರು ಎಂದೋ ಮರೆತುಹೋಗಿತ್ತು. ಎಲ್ಲರ ಬಾಯಲ್ಲೂ ಜಾಮೂನಕ್ಕ. ಆಕೆಯ ಜಾಮೂನನ್ನು ಚಮಚದಂಚಿನಿಂದ ಒತ್ತಿದರೆ ಸಾಕು, ನಡುಮಧ್ಯದವರೆಗೂ ಪಾಕ ಜಿನುಗುತ್ತಿತ್ತು.

ಒದ್ದೆ ನೆಲದಲ್ಲಿ ಜಾರಿ ಬಲ ಮಣಿಕಟ್ಟು ಮುರಿದುಕೊಂಡದ್ದು ಆ ಮಳೆಗಾಲದಲ್ಲಿ. ಮೂಳೆ ಕೂಡಿಕೊಂಡ ಮೇಲೂ ಒತ್ತಿ ನಾದುವ ಕೆಲಸ ಬೇಡವೆಂದರು ಡಾಕ್ಟರು. ನಾದಲಾಗದ ಕೈಗೆ ಅಡುಗೆಮನೆ ಯಾಕೆ? ಬೀಗ ಹಾಕಿಬಿಡೋಣವೆಂದು ಆಕೆ ಅಂದುಕೊಂಡಿದ್ದಾಗ, ತಂಗಿ ಬೇಕರಿಯ ಕೆಲಸ ಬಿಟ್ಟು ಚೀಲ ಹಿಡಿದು ಬಂದಳು.

"ನಿನ್ನ ಬಾಯಿ, ನನ್ನ ಕೈ. ನೋಡೇಬಿಡೋಣ," ಎಂದಳು.

"ನನ್ನ ಬಾಯಿಗೆ ಬಯ್ಯೋದು ಬಿಟ್ಟು ಬೇರೇನೂ ಬರಲ್ಲ ಕಣೇ."

"ಚಿಕ್ಕಂದಿನಿಂದ ಅದನ್ನೇ ಅಲ್ವಾ ತಿಂದು ಬೆಳೆದಿದ್ದು!"

ಮೊದಲ ಆರ್ಡರ್ ಮುದ್ರಣಾಲಯದ್ದು, ಹಿರಿಯ ಕೆಲಸಗಾರನೊಬ್ಬನ ಬೀಳ್ಕೊಡುಗೆಯ ಊಟ. ಇದು ಸರಿಹೋದರೆ ಮುಂದುವರಿಸುವುದು, ಇಲ್ಲವಾದರೆ ಬೀಗ ಎಂದು ಅಕ್ಕ ಆಗಲೇ ಮನಸ್ಸಿನಲ್ಲಿ ತೀರ್ಮಾನಿಸಿದ್ದಳು. ತಂಗಿಗೂ ಅದು ಗೊತ್ತಿತ್ತು.

"ಮೆತ್ತಗಿರಲಿ," ಎಂದಷ್ಟೇ ಹೇಳಿ ಅಕ್ಕ ಸ್ಟೂಲಿನ ಮೇಲೆ ಕೂತಳು. ತಂಗಿ ಹೆದರಿ ಹೆದರಿ ಖೋವಾಕ್ಕೆ ಮೈದಾ, ಚಿಟಿಕೆ ಸೋಡಾ ಹಾಕಿ ಮೇಲಿಂದ ಮೇಲೆ ಕಲಸಿದಳು. ಉಂಡೆಗಳ ಮೈಮೇಲೆ ಸಣ್ಣ ಸಣ್ಣ ಬಿರುಕು. ಎಣ್ಣೆಗೆ ಬಿಟ್ಟದ್ದೇ ತಡ, ಬಿರುಕು ಬಾಯಿ ತೆರೆದು ಉಂಡೆಗಳು ಒಡೆದವು. ಬಾಣಲೆ ತುಂಬ ಕಂದು ಪುಡಿ.

"ಹಿಡಿತ ಸಾಲಲಿಲ್ಲ," ಎಂದು ತಂಗಿ ತುಟಿ ಕಚ್ಚಿಕೊಂಡಳು. ಎಣ್ಣೆ ಸೋಸಿದಳು. ಎರಡನೇ ಸಲ ಇನ್ನಷ್ಟು ಮೈದಾ ಸೇರಿಸಿ, ಸೆರಗು ಬಿಗಿದು, ಬ್ರೆಡ್ಡಿನ ಹಿಟ್ಟಿನಂತೆ ಎಳೆದು, ಮಡಚಿ, ಗುದ್ದಿ ನಾದಿದಳು. ಹೊತ್ತಾಯಿತೆಂದು ಉರಿಯನ್ನೂ ಏರಿಸಿದಳು. ಈ ಸಲ ಒಂದೂ ಒಡೆಯಲಿಲ್ಲ. ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಚಂದದ ಬಣ್ಣ. ಪಾಕದಲ್ಲಿ ಎಷ್ಟು ನೆನೆದರೂ ಮಾತ್ರ ಅವು ಉಬ್ಬಲಿಲ್ಲ.

ಅಕ್ಕ ಒಂದನ್ನು ಎಡಗೈಯಲ್ಲಿ ಮುರಿದಳು. ಹೊರಗೆ ಕಂದು, ಒಳಗೆ ಬಿಳಿಚಿದ ಗಟ್ಟಿ ಗುಂಡು. ತಂಗಿ ಮುಖ ತಿರುಗಿಸಿಕೊಂಡಳು.

"ಬೀಗ ಹುಡುಕು," ಎಂದಳು.

ಅಕ್ಕ ಆ ಗಟ್ಟಿ ಜಾಮೂನನ್ನು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದಳು. ಬಯ್ಯಲಿಲ್ಲ. ತನ್ನ ಕೈ ಇಷ್ಟು ವರ್ಷ ಏನು ಮಾಡುತ್ತಿತ್ತೆಂದು ಆಕೆ ಮೊದಲ ಬಾರಿಗೆ ನೆನಪಿಸಿಕೊಳ್ಳುತ್ತಿದ್ದಳು. ಕಣ್ಣು ಮುಚ್ಚಿದಳು. ಎಡ ಅಂಗೈ ತೊಡೆಯ ಮೇಲೆ ತಾನಾಗಿ ಚಲಿಸಿತು: ಮೊದಲು ಉದ್ದಕ್ಕೆ, ಬಲವಾಗಿ. ಆಮೇಲೆ, ಹಕ್ಕಿಮರಿಯನ್ನು ಎತ್ತಿಕೊಳ್ಳುವಂತೆ, ಹಗುರವಾಗಿ.

"ತಪ್ಪು ನಂದೇ ಕಣೇ. ಅರ್ಧ ಹೇಳಿದೆ," ಎಂದಳು. "ನಾದೋದು ಖೋವಾನ, ಮೈದಾ ಹಿಟ್ಟನ್ನಲ್ಲ. ಖೋವಾ ಒಂದೇ ಇರೋವಾಗ ಅಂಗೈ ಬುಡದಿಂದ ಉಜ್ಜು, ಒಂದು ತರಿಯೂ ಉಳೀಬಾರದು. ನಿನ್ನ ಸಿಟ್ಟೆಲ್ಲ ಅಲ್ಲೇ ತೀರಿಸ್ಕೋ. ತರಿ ಉಳಿದಿದ್ದಕ್ಕೇ ಮೊದಲನೇದು ಬಿರುಕು ಬಿಡ್ತು. ಮೈದಾ ಬಿದ್ದಮೇಲೆ ಸುಮ್ನೆ ಕೂಡಿಸು, ಅಷ್ಟೆ. ಗುದ್ದಿದರೆ ರಬ್ಬರಾಗತ್ತೆ."

"ಬೇಕರೀಲಿ ಗುದ್ದದೇ ಇದ್ರೆ ಬಯ್ತಿದ್ರು."

"ಬ್ರೆಡ್ಡಿಗೆ ಆ ಜಿಗುಟು ಬೇಕು, ಇದಕ್ಕೆ ಅದೇ ಶತ್ರು. ಆ ಉರಿನೂ ಇಳಿಸು ಮಾರಾಯ್ತಿ, ಹೊರಗೆ ಬೇಗ ಕೆಂಪಾದರೆ ಒಳಗೆ ಹಸಿಯಾಗೇ ಉಳಿಯತ್ತೆ."

ಉಳಿದಿದ್ದ ಖೋವಾವನ್ನು ತಂಗಿ ತಟ್ಟೆಗೆ ಸುರಿದಳು. ಅಕ್ಕ ತನ್ನ ಎಡ ಅಂಗೈಯನ್ನು ಅವಳ ಕೈಮೇಲಿಟ್ಟಳು. ಒತ್ತಲಿಲ್ಲ, ಜೊತೆಗೆ ಹೋದಳು. ತರಿ ಕರಗಿ, ತುಪ್ಪ ಬಿಟ್ಟು, ಖೋವಾ ರೇಷ್ಮೆಯಂತಾಯಿತು. ಮೈದಾ ಬಿತ್ತು. ಹಿಡಿತ ಬಂದ ಕ್ಷಣವೇ ಅಕ್ಕ ಅವಳ ಬೆರಳುಗಳನ್ನು ಮೇಲೆತ್ತಿದಳು.

"ಸಾಕಾ? ಇಷ್ಟೇನಾ?"

"ಇಷ್ಟೇ. ನಿಲ್ಲಿಸೋದೇ ಕಷ್ಟದ ಕೆಲಸ."

ಒದ್ದೆ ಬಟ್ಟೆ ಮುಚ್ಚಿಟ್ಟು, ಬಿರುಕಿಲ್ಲದ ಉಂಡೆ ಕಟ್ಟಿದರು. ಒಂದು ಪುಟ್ಟ ಉಂಡೆಯನ್ನು ಎಣ್ಣೆಗೆ ಬಿಟ್ಟರು. ಅದು ತಳಕ್ಕೆ ಹೋಗಿ ಕೂತಿತು. ಇಬ್ಬರೂ ಬಾಣಲೆಯತ್ತ ಬಗ್ಗಿದರು. ಸುತ್ತ ಸಣ್ಣ ಗುಳ್ಳೆಗಳು ಎದ್ದವು. ಉಂಡೆ ಅವಸರವಿಲ್ಲದೆ, ನಿದ್ದೆಯಿಂದ ಎದ್ದಂತೆ, ಮೇಲೆ ತೇಲಿಬಂತು.

"ಈ ಉರಿನೇ. ಮುಟ್ಟಬೇಡ," ಎಂದಳು ಅಕ್ಕ. "ಎಣ್ಣೆನ ತಿರುಗಿಸು, ಉಂಡೆ ತಾನೇ ತಿರುಗತ್ತೆ."

ನಿಧಾನವಾಗಿ ಬಣ್ಣ ಏರಿತು. ಬಿಸಿ ಪಾಕಕ್ಕೆ ಬಿದ್ದ ಜಾಮೂನುಗಳು ನೋಡನೋಡುತ್ತ ತುಂಬಿಕೊಂಡವು. ತಂಗಿ ಒಂದನ್ನು ಸೀಳಿದಳು. ನಡುವೆ ಗಂಟಿಲ್ಲ, ಬಿಳುಪಿಲ್ಲ. ಪಾಕ ಅವಳ ಬೆರಳ ಸಂದಿಯಿಂದ ಮೊಣಕೈವರೆಗೆ ಇಳಿಯಿತು. ಒರೆಸಿಕೊಳ್ಳದೆ ನಿಂತಳು.

ಡಬ್ಬಿ ಒಯ್ಯಲು ಬಂದ ಮುದ್ರಣಾಲಯದ ಮೇಸ್ತ್ರಿ ಒಂದನ್ನು ಬಾಯಿಗಿಟ್ಟು, ಅಕ್ಕನ ಕಟ್ಟು ಹಾಕಿದ ಬಲಗೈಯನ್ನು ನೋಡಿ ಅಚ್ಚರಿಪಟ್ಟ. "ಏನಕ್ಕಾ, ಈ ಸಲ ಯಾರ ಕೈ?"

"ನಂದೇ," ಎಂದಳು ಜಾಮೂನಕ್ಕ, ತಂಗಿಯ ಅಂಟಂಟು ಬೆರಳು ಹಿಡಿದೆತ್ತಿ. "ಸ್ವಲ್ಪ ವಯಸ್ಸು ಕಡಿಮೆಯಾಗಿದೆ, ಅಷ್ಟೆ."