ಶಾಲೆಗೆ ಹೆಸರು ಹುಡುಕುವ ಕಾರ್ಯದರ್ಶಿ

ಕೌದಳ್ಳಿ ಪಕ್ಕದ ಹಳ್ಳಿಯ ವಿದ್ಯಾಸಂಘದ ಕಾರ್ಯದರ್ಶಿ ಗುರುಪಾದಸ್ವಾಮಿಯವರನ್ನು ಎಲ್ಲಿ ಕಂಡರೂ ಕಂಕುಳಲ್ಲಿ ಠರಾವು ಪುಸ್ತಕ, ಮುಖದಲ್ಲಿ ಆರು ತಿಂಗಳ ದಣಿವು. ಶಾಲೆಯ ಗೋಡೆ ಎದ್ದಿತ್ತು, ಮೇಷ್ಟರು ಸಿಕ್ಕಿದ್ದರು, ಹೆಸರೊಂದೇ ಸಿಕ್ಕಿರಲಿಲ್ಲ. ಠರಾವು, ಅರ್ಜಿ, ಮೊಹರು ಮೂರರಲ್ಲೂ ಒಂದೇ ಹೆಸರಿಲ್ಲದೆ ಇಲಾಖೆ ಮಾನ್ಯತೆ ಕೊಡದು. ಹೆಂಚು ಕೊಟ್ಟ ಕೆಂಪನಂಜಪ್ಪನವರು ತಮ್ಮ ತಂದೆಯ ಹೆಸರಿಡಿ ಅಂದರು, ಇವರು ಬರೆದುಕೊಂಡರು. ಕೂಲಿ ಮಾಡುವವರ ಬೀದಿಯಲ್ಲಿ, “ಅವ್ರ ಮನೇಲಿ ನಾವು ದುಡ್ದಿದ್ದು ಸಾಕು, ಐಕ್ಳು ಬ್ಯಾರೆ ಅವ್ರ್ ಎಸ್ರಿನ ಇಸ್ಕೂಲ್ಗೆ ಓಗ್ಬೇಕಾ ಸಾ?” ಅಂದರು, ಇವರು ಆ ಹೆಸರು ಹೊಡೆದುಹಾಕಿದರು. ಮಾದೇಶ್ವರನ ಹೆಸರು ಕಳಿಸಿದರೆ, ಆ ಹೆಸರಿನ ಸಂಘ ಆಗಲೇ ನೋಂದಣಿಯಾಗಿದೆಯೆಂದು ಅರ್ಜಿ ವಾಪಸು ಬಂತು. ಪ್ರತಿ ಸಲವೂ ಒಂದು ಗೀಟೆಳೆದು, “ಆಗ್ಲಿ ಬುಡಿ, ಇನ್ನೊಂದು ನೋಡ್ಮ” ಎಂದು ನಿಟ್ಟುಸಿರಿಟ್ಟು ಮತ್ತೆ ಸಭೆ ಕರೆಯುತ್ತಿದ್ದರು. ಕೊನೆಗೆ ‘ಸರ್ವೋದಯ’ ಎಂದಾಗ ಯಾರೂ ಎದುರಾಡಲಿಲ್ಲ. ಮನೆ ಮನೆಯ ಬಾಗಿಲಲ್ಲಿ ನಿಂತು ಅದರ ಅರ್ಥ ಹೇಳಿದ್ದೇ ಹೇಳಿದ್ದು: “ಎಲ್ರೂ ಮುಂದಕ್ಕೆ ಬರಾದು ಕಣವ್ವಾ.” ಗಂಟಲು ಕಟ್ಟಿತು, ಚಪ್ಪಲಿಯ ಉಂಗುಷ್ಠ ಕಿತ್ತಿತು. ಕಟ್ಟಕಡೆಯ ಗುಡಿಸಲಿನ ಚಿಕ್ಕನಿಂಗಮ್ಮ ಮಾತ್ರ ಮಗಳ ತಲೆ ಬಾಚುತ್ತಲೇ, “ಎಸ್ರು ಚಂದಾಗದೆ ಸಾ. ನಮ್ ಮಗ್ಳು ಒಳಗ್ ಕೂರ್ಬೋದಾ, ಜಗುಲೀಲಾ?” ಎಂದು ಕೇಳಿದಳು. ಗುರುಪಾದಸ್ವಾಮಿಯವರು ಅಲ್ಲೇ ಕಲ್ಲಿನ ಮೇಲೆ ಕೂತು, ಪುಸ್ತಕ ಬಿಚ್ಚಿ, ಹೆಸರಿನ ಕೆಳಗೆ ಬರೆದರು: “ಎಲ್ಲ ಮಕ್ಕಳೂ ಒಳಗೇ ಕೂರತಕ್ಕದ್ದು.” ಪ್ರತಿ ಅಕ್ಷರಕ್ಕೂ ಸಭೆ ಕರೆಯುತ್ತಿದ್ದ ಮನುಷ್ಯ, ಆ ಒಂದು ಸಾಲಿಗೆ ಯಾರ ಒಪ್ಪಿಗೆಯನ್ನೂ ಕೇಳಲಿಲ್ಲ.