ಕಟ್ ಆಗದೆ ಉಳಿದ ಯಜಮಾನರು

ನಮ್ಮ ಚಾಮರಾಜಪುರಂ ವಾಟ್ಸಾಪ್ ಗ್ರೂಪಿನಲ್ಲಿ ಎದುರುಮನೆಯಾಕೆಯ ಕಥೆಗಳಿಗೆ ನನ್ನ ಕಥೆಗಳಿಗಿಂತ ಹೆಚ್ಚು ಚಪ್ಪಾಳೆ. ನನಗೆ ಹೊಟ್ಟೆಯುರಿ. ಒಮ್ಮೆ ಆಕೆಯ ಕಥೆಯ ಮೆಸೇಜ್ ಕಾಪಿ ಮಾಡಿದೆ. ನನ್ನ ಕಥೆ ಬರೆಯುವಾಗ ಕೀಬೋರ್ಡಿನ ಮೇಲ್ಪಟ್ಟಿಯಲ್ಲಿ ಅದು ಇಣುಕಿತು. ಮುಟ್ಟಿದೆ, ಪೂರ್ತಿ ಬಂದು ಕೂತಿತು. ನನಗೆ ಬೇಕಿದ್ದದ್ದು ಕೊನೆಯ ಸಾಲು ಮಾತ್ರ. ಆಕೆಯ ಮೊದಲ ಪದಕ್ಕೆ ಎರಡು ಸಲ ತಟ್ಟಿ ಆರಿಸಿ, ಅದರ ಬಲಗಡೆ ಮೂಡಿದ ಹನಿಯಂಥ ಹಿಡಿಯನ್ನು ಕೊನೆಯ ಸಾಲಿನ ತನಕ ಕೆಳಗೆಳೆದು, ಉಳಿದದ್ದನ್ನು ಕಟ್ ಮಾಡಿದೆ. ಹೆಬ್ಬೆರಳ ಮರೆಯಲ್ಲಿ ಹಿಡಿ ಒಂದು ಪದ ಹಿಂದೆಯೇ ನಿಂತಿತ್ತು. ನೋಡದೆ ಕಳಿಸಿದೆ.

ತಕ್ಷಣ ಆಕೆ ಬರೆದರು: "ಅಣ್ಣಾ, ನಿಮ್ ಕಥೇಲಿ 'ನಮ್ಮೆಜಮಾನ್ರು' ಅಂತಿದ್ಯಲ್ಲ, ಯಾರ್ ಕಣಣ್ಣಾ ಅವ್ರು? ಕದಿಯೋವಾಗ ಹಿಡೀನ ಇನ್ನೊಂಚೂರು ಎಳೀಬೇಕಿತ್ತು ಬುಡಿ!"

ಆ ಒಂದು ಮಾತಿಗೂ ನನ್ನ ಕಥೆಗಿಂತ ಹೆಚ್ಚು ಚಪ್ಪಾಳೆ ಬಿತ್ತು.