ಹಾಲಿನ ಪುಡಿಯ ಎರಡು ನಿಮಿಷ

ನಮ್ಮ ಪತ್ರಿಕೆಯ ಹಿರಿಯ ವರದಿಗಾರರಿಗೂ ನನಗೂ ಎಣ್ಣೆ ಸೀಗೆಕಾಯಿ ಸಂಬಂಧ. ಅವರು ಏಳುನೂರು ಪದ ಬರೆಯುತ್ತಾರೆ. ಅದನ್ನು ಇನ್ನೂರಕ್ಕೆ ಇಳಿಸಿ, ಬೆಳಗಿನ ರೈಲಿನವರು ಮೊಬೈಲಿನಲ್ಲಿ ಕೇಳುವಂತೆ ಎರಡು ನಿಮಿಷದ ಆಡಿಯೊ ಮಾಡುವುದು ಶಹಾಬಾದ್ ಕಚೇರಿಯಲ್ಲಿ ನನ್ನ ಕೆಲಸ. ಬರೆಯುವವಳೂ ನಾನೇ, ಓದುವವಳೂ ನಾನೇ. ಸೊಕ್ಕೂ ಅಷ್ಟೇ ಇತ್ತು.

ಅವತ್ತಿನ ಸುದ್ದಿ ಒಬ್ಬ ಮುಖ್ಯ ಶಿಕ್ಷಕಿಯದು. ಮಕ್ಕಳ ಹಾಲಿನ ಪುಡಿ ಮಾರಿಕೊಂಡರೆಂಬ ದೂರು ಆಕೆಯ ಮೇಲಿತ್ತು. ತನಿಖೆಯಲ್ಲಿ ಅದು ಸುಳ್ಳೆಂದು ತಿಳಿಯಿತು. ಪುಡಿ ಶಾಲೆಗೆ ಬಂದೇ ಇರಲಿಲ್ಲ. ಪತ್ರಿಕೆಯಲ್ಲಿ ‘ಶಿಕ್ಷಕಿ ನಿರ್ದೋಷಿ’ ಎಂಬ ದಪ್ಪ ಶೀರ್ಷಿಕೆ. ನಾನು ಶುರು ಮಾಡಿದ್ದು ಹೀಗೆ: ‘ಮಕ್ಕಳ ಹಾಲಿನ ಪುಡಿ ಎಲ್ಲಿ ಹೋಯಿತು? ಬೆರಳು ತೋರಿದ್ದು ಮುಖ್ಯ ಶಿಕ್ಷಕಿಯ ಕಡೆಗೆ.’ ತನಿಖೆಯ ಮಾತು ಬರುವುದು ಕೊನೆಯ ಅರ್ಧ ನಿಮಿಷದಲ್ಲಿ.

ವರದಿಗಾರರು ಹಾಳೆ ಓದಿ ನನ್ನ ಮೇಜಿನ ಮೇಲೆ ಒಗೆದರು. “ಏನ್ರಿ ಇದು, ಸುದ್ದೀನ ಕಥಿ ಮಾಡೀರಿ. ಆಕಿ ತಪ್ಪಿಲ್ಲ ಅಂಬೋದು ಮೊದಲ ಹೇಳ್ರಿ.”

“ಮೊದಲೇ ಹೇಳಿದ್ರ ಮುಂದ ಯಾರ್ ಕೇಳ್ತಾರ್ರಿ?”

“ಕೇಳಬ್ಯಾಡ್ರಿ ಬಿಡ್ರಿ. ಅಷ್ಟ ಕೇಳಿದ್ರ ಸಾಕು.”

ಮುದುಕನಿಗೆ ಕಿವಿಯ ಕಸುಬು ಏನು ಗೊತ್ತು ಎಂದುಕೊಂಡೆ. ಮೈ ಉರಿದುಹೋಗಿತ್ತು. ಒಂದಕ್ಷರ ಬದಲಿಸದೆ ಓದಿ ಕಳಿಸಿದೆ.

ಮರುದಿನ ಬೆಳಿಗ್ಗೆ ನಾಲವಾರದಲ್ಲಿ ಎಂದಿನಂತೆ ಪ್ಯಾಸೆಂಜರ್ ರೈಲು ಹತ್ತಿದೆ. ಡಬ್ಬಿ ತುಂಬಿತ್ತು. ವಾಡಿ ಹತ್ತಿರ ಬಂದಾಗ ಯಾರದೋ ಮೊಬೈಲಿನಲ್ಲಿ ಜೋರಾಗಿ ನನ್ನದೇ ದನಿ. ಸುತ್ತ ನಾಲ್ಕಾರು ಮಂದಿ ಕಿವಿಗೊಟ್ಟರು. ನನಗೆ ಹಿಗ್ಗೋ ಹಿಗ್ಗು. ಅಷ್ಟರಲ್ಲಿ ಸ್ಟೇಷನ್ ಬಂತು. ಮೊಬೈಲಿನವನು ಅದನ್ನು ಬಂದ್ ಮಾಡಿ ಚೀಲ ಎತ್ತಿಕೊಂಡ. ಇಳಿಯುತ್ತ ಒಬ್ಬಾಕೆ ಕಿಟಕಿ ಪಕ್ಕದ ಹೆಂಗಸನ್ನು ನೋಡಿ ತನ್ನ ಜೊತೆಯವಳಿಗೆ ಹೇಳಿದಳು: “ನೋಡವಾ, ಹಾಲಿನ ಪುಡಿ ತಿಂದ ಟೀಚರ್ ಇಕೀನೇ.”

“ಪೂರ್ತಿ ಕೇಳ್ರಿ, ಇನ್ನೂ ಅದ,” ಎಂದೆ. ಇಳಿಯುವ ಗದ್ದಲದಲ್ಲಿ ಯಾರೂ ತಿರುಗಲಿಲ್ಲ. ತಿರುಗಿದ್ದು ಆ ಶಿಕ್ಷಕಿ ಮಾತ್ರ.

“ಮೊಬೈಲ್‌ನಾಗ ಓದಿದಾಕಿ ನೀವೇ ಏನ್ರಿ?”

“ಹೌದ್ರಿ.” ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. “ಕೊನೀಗಿ ನಿಮ್ಮ ತಪ್ಪಿಲ್ಲ ಅಂತ ಹೇಳೀನ್ರಿ.”

“ಕೊನೀತನ ಯಾರ್ ಕುಂತಾರ್ರಿ ಇಲ್ಲಿ? ಎದ್ದು ನಿಂದ್ರಿ. ಈಗ ಹೇಳ್ರಿ.”

ಎದ್ದು ನಿಂತೆ. “ಟೀಚರ್ ತಪ್ಪಿಲ್ಲ. ತನಿಖೆಯಲ್ಲಿ ಗೊತ್ತಾಗಿದೆ,” ಎಂದು ಡಬ್ಬಿಗೆಲ್ಲ ಕೇಳುವಂತೆ ಹೇಳಿದೆ. ಐದು ಸೆಕೆಂಡೂ ಹಿಡಿಯಲಿಲ್ಲ. ಕೇಳಬೇಕಾದವರು ಆಗಲೇ ಪ್ಲಾಟ್‌ಫಾರ್ಮ್ ದಾಟಿದ್ದರು.